ಒಂದು ಮುದ್ದೆ ಅಂದರೆ ಎಷ್ಟು ಹಿಟ್ಟು? ಶುಗರ್ ಇರುವವರ ತಟ್ಟೆಯ ಲೆಕ್ಕ

ನಮ್ಮತ್ತೆಗೆ ಶುಗರ್ ಬಂದು ಹನ್ನೆರಡು ವರ್ಷ. ಮೂರು ವರ್ಷದಿಂದ ಊಟಕ್ಕೆ ಮುಂಚೆ ಇನ್ಸುಲಿನ್ ತಗೊಳ್ಳುತ್ತಾರೆ. ನಾನು ಆಹಾರ ತಜ್ಞೆ. ಊರವರಿಗೆಲ್ಲ ತಟ್ಟೆಯ ಲೆಕ್ಕ ಹೇಳಿಕೊಡುತ್ತಿದ್ದವಳು ನಮ್ಮನೆ ತಟ್ಟೆಯನ್ನೇ ತೂಗಿ ನೋಡಿರಲಿಲ್ಲ. ಒಂದು ದಿನ ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದಾಗ ಗ್ಲುಕೋಮೀಟರ್ 238 ತೋರಿಸಿತು. ಏನು ತಿಂದಿರಿ ಅಂತ ಕೇಳಿದೆ. "ಏನಿಲ್ಲ ಕಣವ್ವ, ಒಂದೇ ಒಂದು ಮುದ್ದೆ. ಆಮೇಲೆ ಮಜ್ಜಿಗೆಗೆ ಎರಡು ತುತ್ತು ಅನ್ನ," ಅಂದರು.

ಅವರು ಸುಳ್ಳು ಹೇಳಿರಲಿಲ್ಲ. ಮಾರನೆಯ ದಿನ ಅದೇ ಒಂದು ಮುದ್ದೆಯನ್ನು ತಟ್ಟೆಗೆ ಹೋಗುವ ಮುಂಚೆ ತಕ್ಕಡಿಯ ಮೇಲಿಟ್ಟೆ. 310 ಗ್ರಾಂ. ಎರಡು ತುತ್ತು ಅನ್ನ 90 ಗ್ರಾಂ. ಎರಡನ್ನೂ ಕೂಡಿದರೆ ಸಾರು, ಮಜ್ಜಿಗೆ ಬಿಟ್ಟೇ 93 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. ಅವರ ಇನ್ಸುಲಿನ್ ಇದ್ದದ್ದು ಸುಮಾರು 60 ಗ್ರಾಮಿನ ಊಟಕ್ಕೆ.

ಈ 93 ಎಲ್ಲಿಂದ ಬಂತು, ಅದನ್ನು ನಿಮ್ಮ ಮನೆಯಲ್ಲಿ ನೀವೇ ಹೇಗೆ ಕಂಡುಕೊಳ್ಳಬಹುದು ಅನ್ನುವುದನ್ನು ಮುದ್ದೆ, ಅನ್ನ, ಚಪಾತಿ ಮೂರಕ್ಕೂ ಹೇಳುತ್ತೇನೆ. ಬೇಕಾದದ್ದು 1 ಗ್ರಾಂ ವ್ಯತ್ಯಾಸ ತೋರಿಸುವ ಒಂದು ಅಡುಗೆಮನೆ ತಕ್ಕಡಿ, ಒಂದು ನೋಟ್‌ಬುಕ್, ಫೋನಿನ ಕ್ಯಾಲ್ಕುಲೇಟರ್. ಮೊದಲ ಎರಡು ವಾರ ತಕ್ಕಡಿ ಒಲೆಯ ಪಕ್ಕದಲ್ಲೇ ಇರಲಿ. ಆಮೇಲೆ ಅಟ್ಟಕ್ಕೆ ಹೋದರೂ ನಷ್ಟವಿಲ್ಲ.

ಮೊದಲು ಮೂರು ಅಂಕಿ

ನಿವ್ವಳ ಕಾರ್ಬ್ ಅಂದರೆ ಒಟ್ಟು ಕಾರ್ಬೋಹೈಡ್ರೇಟಿನಲ್ಲಿ ನಾರನ್ನು ಕಳೆದು ಉಳಿದದ್ದು. ನಾರು ನಮ್ಮ ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವುದಿಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಷಯ ಇಷ್ಟೇ. ಆದರೆ ಬಹಳ ಜನ ಎಡವುವುದು ಈ ಕಳೆಯುವ ಕಡೆಯಲ್ಲೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪೋಷಕಾಂಶ ಕೋಷ್ಟಕ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ 66.8 ಗ್ರಾಂ, ನಾರು 11.2 ಗ್ರಾಂ. ಇದನ್ನು ನೋಡಿದ ತಕ್ಷಣ ಕೈ ತಾನಾಗಿ 66.8ರಲ್ಲಿ 11.2 ಕಳೆದು 55.6 ಅಂತ ಬರೆದುಬಿಡುತ್ತದೆ. ಹಾಗೆ ಮಾಡಬಾರದು. ಆ ಕೋಷ್ಟಕದಲ್ಲಿ ಕಾರ್ಬೋಹೈಡ್ರೇಟ್ ಅಂತ ಕೊಟ್ಟಿರುವುದೇ ನಾರು ಕಳೆದ ಮೇಲಿನ ಅಂಕಿ. ನಂಬಿಕೆ ಬರದಿದ್ದರೆ ಆ ಸಾಲನ್ನು ಕೂಡಿ ನೋಡಿ: ನೀರು 10.9, ಪ್ರೋಟೀನ್ 7.2, ಬೂದಿ ಅಂದರೆ ಸುಟ್ಟಮೇಲೆ ಉಳಿಯುವ ಖನಿಜ 2, ಕೊಬ್ಬು 1.9, ನಾರು 11.2, ಕಾರ್ಬೋಹೈಡ್ರೇಟ್ 66.8. ಒಟ್ಟು ಸರಿಯಾಗಿ 100 ಆಗುತ್ತದೆ. ಕಾರ್ಬೋಹೈಡ್ರೇಟಿನ ಒಳಗೆ ನಾರು ಸೇರಿದ್ದಿದ್ದರೆ ಮೊತ್ತ 111 ಆಗಬೇಕಿತ್ತು.

ಅದೇ ಕೋಷ್ಟಕದಲ್ಲಿ ಬಿಳಿ ಅಕ್ಕಿಗೆ 78.2, ಗೋಧಿ ಹಿಟ್ಟಿಗೆ 64.2. ಇವೂ ನಾರು ಕಳೆದೇ ಕೊಟ್ಟಿರುವ ಅಂಕಿಗಳು. ಹಾಗಾಗಿ ನೆನಪಿಡಬೇಕಾದದ್ದು ಇಷ್ಟು: ಒಣಗಿದ 100 ಗ್ರಾಮಿಗೆ ರಾಗಿ ಹಿಟ್ಟು 67, ಗೋಧಿ ಹಿಟ್ಟು 64, ಅಕ್ಕಿ 78. ನಾರನ್ನು ಎರಡನೆಯ ಸಲ ಕಳೆದರೆ ಒಂದು ಹದವಾದ ಮುದ್ದೆಗೆ 7 ಗ್ರಾಂ ಕಡಿಮೆ ಕಾಣುತ್ತದೆ, ಇನ್ಸುಲಿನ್ನೂ ಅಷ್ಟಕ್ಕೆ ಕಡಿಮೆಯಾಗುತ್ತದೆ.

ಅಂಗಡಿಯ ಪ್ಯಾಕೆಟ್ ಹಿಟ್ಟು ತಂದರೆ ಹಿಂಬದಿಯ ಅಂಕಿಯಲ್ಲಿ ನಾರು ಸೇರಿದೆಯೋ ಇಲ್ಲವೋ ಅಂತ ಹೇಳುವುದು ಕಷ್ಟ, ಒಂದೊಂದು ಪ್ಯಾಕೆಟ್ಟಿನದು ಒಂದೊಂದು ಥರ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. 100 ಗ್ರಾಮಿಗೆ ಕೊಟ್ಟಿರುವ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್ ಈ ಮೂರನ್ನು ಮಾತ್ರ ಕೂಡಿ. ಹಿಟ್ಟಿನಲ್ಲಿ ನೀರು ಮತ್ತು ಬೂದಿ ಸೇರಿ ಸುಮಾರು 12ರಿಂದ 13 ಗ್ರಾಂ ಇದ್ದೇ ಇರುತ್ತದೆ. ಆದ್ದರಿಂದ ಮೊತ್ತ 87ರ ಆಸುಪಾಸು ಬಂದರೆ ನಾರು ಕಾರ್ಬೋಹೈಡ್ರೇಟಿನೊಳಗೇ ಸೇರಿದೆ, ಕಳೆಯಬೇಕು. 76ರ ಆಸುಪಾಸು ಬಂದರೆ ನಾರು ಹೊರಗಿದೆ, ಕಳೆಯಬಾರದು. ಈ ಪರೀಕ್ಷೆ ರಾಗಿ ಹಿಟ್ಟು, ಗೋಧಿ ಹಿಟ್ಟು ಎರಡಕ್ಕೂ ನಡೆಯುತ್ತದೆ.

ಇನ್ನೊಂದು ಮಾತು. ರಾಗಿಗೂ ಗೋಧಿಗೂ ಇರುವ ಅಂತರ ಬರೀ ಮೂರು ಗ್ರಾಂ ಅನ್ನುವುದನ್ನು ಗಮನಿಸಿದಿರಾ? ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅಂತ ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ನಂಬಿರುತ್ತಾರೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಎರಡೂ ಚೆನ್ನಾಗಿದೆ, ನಿಜ. ಆದರೆ ನುಣ್ಣಗೆ ಬೀಸಿ, ಕುದಿಯುವ ಎಸರಿನಲ್ಲಿ ಬೇಯಿಸಿ, ಅಗಿಯದೆ ನುಂಗುವ ಪಿಷ್ಟ ಒಳಗೆ ಹೋದಮೇಲೆ ಸಕ್ಕರೆಯಾಗಲು ಹೆಚ್ಚು ಹೊತ್ತು ಕಾಯುವುದಿಲ್ಲ. ಅದರ ಜೊತೆಗೆ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ಹೊಟ್ಟಿನ ನಾರೂ ಬಟ್ಟೆಯಲ್ಲೇ ಉಳಿಯುತ್ತದೆ. ಮುದ್ದೆಗೆ ಹಿಟ್ಟನ್ನು ಸೋಸಬೇಡಿ.

ಮುದ್ದೆ: ಪಾತ್ರೆಯ ಒಟ್ಟು ಕಾರ್ಬ್, ನಿಮ್ಮ ಪಾಲು

ಮುದ್ದೆಯ ಲೆಕ್ಕ ಕಷ್ಟವಾಗುವುದು ನೀರಿನಿಂದ. ಎಸರಿಗೆ ಎಷ್ಟು ನೀರು ಇಟ್ಟಿರಿ, ಎಷ್ಟು ಆವಿಯಾಯಿತು ಅನ್ನುವುದರ ಮೇಲೆ ಒಂದೇ ತೂಕದ ಎರಡು ಮುದ್ದೆಯಲ್ಲಿ ಬೇರೆಬೇರೆ ಹಿಟ್ಟು ಇರಬಹುದು. "100 ಗ್ರಾಂ ಮುದ್ದೆಗೆ ಇಷ್ಟು ಕಾರ್ಬ್" ಅಂತ ಎಲ್ಲೋ ನೋಡಿದ ಅಂಕಿ ನಿಮ್ಮ ಮನೆಯ ಪಾತ್ರೆಗೆ ಹೊಂದುವ ಖಾತರಿ ಇಲ್ಲ. ಆದ್ದರಿಂದ ಪಾತ್ರೆಯನ್ನೇ ಅಳೆಯೋಣ.

ಮೊದಲು ಖಾಲಿ ಪಾತ್ರೆ ಮತ್ತು ಮುದ್ದೆ ಕೋಲು ಎರಡನ್ನೂ ತೂಗಿ ಬರೆದಿಟ್ಟುಕೊಳ್ಳಿ. ಕೋಲನ್ನು ಮರೆತರೆ ಅದಕ್ಕೆ ಹತ್ತಿದ ಹಿಟ್ಟು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಒಣ ಹಿಟ್ಟನ್ನು ತೂಗಿ. ನೀರನ್ನು ಅಳೆಯಲೇಬೇಕೆಂದಿಲ್ಲ, ಆದರೆ ಮುಂದಿನ ಸಲ ಇದೇ ಹದ ಬರಲಿ ಅಂತ ಬರೆದಿಟ್ಟರೆ ಒಳ್ಳೆಯದು. ಎಂದಿನಂತೆ ಎಸರು ಕುದಿಸಿ, ಹಿಟ್ಟು ಹಾಕಿ, ಬೇಯಿಸಿ, ತೊಳಸಿ. ಒಲೆಯಿಂದ ಇಳಿಸಿ ಮುದ್ದೆ ಕಟ್ಟುವ ಮುಂಚೆ ಪಾತ್ರೆಯನ್ನು ಕೋಲಿನ ಸಮೇತ ಮತ್ತೆ ತೂಗಿ, ಖಾಲಿ ತೂಕ ಕಳೆಯಿರಿ. ತಕ್ಕಡಿ ಮೇಲೆ ಒಂದು ಮರದ ಮಣೆ ಅಥವಾ ಮಡಿಸಿದ ಬಟ್ಟೆ ಇಟ್ಟು ಅದನ್ನು ಸೊನ್ನೆ ಮಾಡಿಕೊಳ್ಳಿ. ನಾನು ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟು ಒಂದು ತಕ್ಕಡಿ ಕೆಡಿಸಿದ್ದೇನೆ.

ಅತ್ತೆ ಮೂರು ಜನಕ್ಕೆ 300 ಗ್ರಾಂ ಹಿಟ್ಟಿಗೆ 700 ಮಿಲಿ ನೀರು ಇಡುತ್ತಾರೆ. ಇಳಿಸಿದಾಗ ಬೆಂದ ಹಿಟ್ಟು 930 ಗ್ರಾಂ ತೂಗಿತು. 300 ಗ್ರಾಂ ಹಿಟ್ಟಿನ ಕಾರ್ಬ್ ಸುಮಾರು 200 ಗ್ರಾಂ. ಬೇಯಿಸಿದ್ದರಿಂದ ಆ 200 ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ, 930 ಗ್ರಾಮಿನಲ್ಲಿ ಹರಡಿಕೊಳ್ಳುತ್ತದೆ ಅಷ್ಟೇ. ಅಂದರೆ 100 ಗ್ರಾಂ ಮುದ್ದೆಗೆ 21.5 ಗ್ರಾಂ. ಅತ್ತೆಯ 310 ಗ್ರಾಂ ಮುದ್ದೆಯಲ್ಲಿ 67 ಗ್ರಾಂ ಇದ್ದದ್ದು ಹೀಗೆ. 200 ಗ್ರಾಂ ಮುದ್ದೆಯಾದರೆ 43.

ನೋಟ್‌ಬುಕ್ಕಿನಲ್ಲಿ ಸೂತ್ರ ಬರೆದಿಡಬೇಕೆಂದರೆ ಇಷ್ಟು:

```
ಒಣ ಹಿಟ್ಟು (ಗ್ರಾಂ) × 0.67 = ಪಾತ್ರೆಯ ಒಟ್ಟು ಕಾರ್ಬ್
ಒಟ್ಟು ಕಾರ್ಬ್ ÷ ಬೆಂದ ತೂಕ × ನಿಮ್ಮ ಮುದ್ದೆಯ ತೂಕ = ನಿಮ್ಮ ಪಾಲು
```

ಹದ ಬದಲಾದರೆ ಏನಾಗುತ್ತದೆ ಅಂತ ಒಂದು ದಿನ ನೋಡಿದೆ. ನಾದಿನಿ ಬಂದಿದ್ದಳು, ಅವಳಿಗೆ ಮೆತ್ತಗಿನ ಮುದ್ದೆ ಇಷ್ಟ. ಅದೇ 300 ಗ್ರಾಂ ಹಿಟ್ಟಿಗೆ ನೀರು ಹೆಚ್ಚಿಟ್ಟಳು, ಬೆಂದದ್ದು 1080 ಗ್ರಾಂ ಬಂತು. ಆಗ 100 ಗ್ರಾಮಿಗೆ 18.5, 200 ಗ್ರಾಂ ಮುದ್ದೆಗೆ 37. ಗಟ್ಟಿ ಮುದ್ದೆಗೂ ಮೆತ್ತಗಿನದಕ್ಕೂ 6 ಗ್ರಾಂ ವ್ಯತ್ಯಾಸ. ಇಷ್ಟರಲ್ಲಿ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಮುದ್ದೆಯ ತೂಕ ಒಂದನ್ನೇ ನಂಬಿದರೆ ಎಷ್ಟು ತಪ್ಪಬಹುದು ಅನ್ನುವುದು ಗೊತ್ತಾಗುತ್ತದೆ.

ತೂಗುವ ಕೆಲಸ ಬೇಜಾರಾದವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಒಬ್ಬರಿಗೆ ಬೇಕಾದಷ್ಟೇ ಒಣ ಹಿಟ್ಟನ್ನು ಅಳೆದು ಬೇರೆ ಚಿಕ್ಕ ಪಾತ್ರೆಯಲ್ಲಿ ಮಾಡಿಬಿಡುವುದು. 65 ಗ್ರಾಂ ಹಿಟ್ಟು ಅಂದರೆ 43 ಗ್ರಾಂ ಕಾರ್ಬ್. ನೀರು ಎಷ್ಟು ಹಾಕಿದರೂ ಅಷ್ಟೇ. ನಮ್ಮನೆಯಲ್ಲಿ 65 ಗ್ರಾಂ ಹಿಟ್ಟು ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಒಂದು ಸ್ಟೀಲ್ ಲೋಟಕ್ಕೆ ಮೊಳೆಯಲ್ಲಿ ಗೀರು ಹಾಕಿದ್ದೇವೆ. ಹಿಟ್ಟನ್ನು ಒತ್ತಿ ತುಂಬಬಾರದು, ಸಡಿಲವಾಗಿ ಸುರಿದು ಲೋಟವನ್ನು ಒಂದು ಸಲ ತಟ್ಟಬೇಕು. ಒತ್ತಿ ತುಂಬಿದರೆ ಅದೇ ಗೀರಿಗೆ ಹಿಟ್ಟು ಬಹಳ ಹೆಚ್ಚು ಹಿಡಿಯುತ್ತದೆ.

ಇಲ್ಲಿ ಕಣ್ಣಿಗೆ ಬೀಳದೆ ಒಳಸೇರುವ ಒಂದು ಪದಾರ್ಥ ಇದೆ. ಮಂಡ್ಯ, ಹಾಸನದ ಕಡೆ ಎಷ್ಟೋ ಮನೆಗಳಲ್ಲಿ ಎಸರಿಗೆ ಒಂದು ಹಿಡಿ ಅಕ್ಕಿಯನ್ನೋ ನುಚ್ಚನ್ನೋ ಹಾಕಿ ಬೇಯಿಸಿ ಆಮೇಲೆ ಹಿಟ್ಟು ಹಾಕುತ್ತಾರೆ. ಮುದ್ದೆ ಕೈಗೆ ಅಂಟುವುದಿಲ್ಲ, ರುಚಿಯೂ ಚೆನ್ನ. ಅಡುಗೆ ಮಾಡುವವರು ಅದನ್ನು ಅಕ್ಕಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೇಳಿದರೆ "ಬರೀ ರಾಗಿ" ಅನ್ನುತ್ತಾರೆ. 50 ಗ್ರಾಂ ಅಕ್ಕಿ ಅಂದರೆ 39 ಗ್ರಾಂ ಕಾರ್ಬ್. ಮೂರು ಜನಕ್ಕೆ ಹಂಚಿದರೆ ತಲೆಗೆ 13. ನಾನು ಮುದ್ದೆ ಉಣ್ಣುವವರ ಲೆಕ್ಕ ತಾಳೆಯಾಗದಿದ್ದರೆ ಮೊದಲು ಕೇಳುವ ಪ್ರಶ್ನೆಯೇ ಇದು: ಎಸರಿಗೆ ಏನು ಹಾಕಿದ್ದಿರಿ?

ಅನ್ನ

ಅನ್ನಕ್ಕೂ ಅದೇ ವಿಧಾನ, ಹಿಟ್ಟಿನ 0.67 ಬದಲು ಅಕ್ಕಿಯ 0.78 ಹಾಕಿಕೊಳ್ಳಿ. ನಮ್ಮನೆಯಲ್ಲಿ 250 ಗ್ರಾಂ ಅಕ್ಕಿ ಕುಕ್ಕರಿಗೆ ಇಟ್ಟರೆ 680 ಗ್ರಾಂ ಅನ್ನ ಆಗುತ್ತದೆ. ಒಟ್ಟು ಕಾರ್ಬ್ 195, ಅಂದರೆ 100 ಗ್ರಾಂ ಅನ್ನಕ್ಕೆ 29. ಮೆತ್ತಗೆ ಮಾಡಿದ ದಿನ ಅದೇ ಅಕ್ಕಿ 800 ಗ್ರಾಂ ಅನ್ನವಾಗಿ 100 ಗ್ರಾಮಿಗೆ 24ಕ್ಕೆ ಇಳಿಯುತ್ತದೆ.

ಅನ್ನ ಬಡಿಸುವ ಸೌಟನ್ನು ಒಂದು ಸಲ ತೂಗಿಟ್ಟುಕೊಂಡರೆ ಆಮೇಲೆ ಸೌಟಿನಲ್ಲೇ ಲೆಕ್ಕ ನಡೆಯುತ್ತದೆ. ನಮ್ಮ ಸೌಟಿಗೆ ಗೋಪುರ ಮಾಡದೆ ಸಮನಾಗಿ ತೆಗೆದರೆ 75 ಗ್ರಾಂ ಅನ್ನ ಹಿಡಿಯುತ್ತದೆ, 22 ಗ್ರಾಂ ಕಾರ್ಬ್. ನಿಮ್ಮದು ಬೇರೆ ಇರುತ್ತದೆ, ತೂಗಿಯೇ ನೋಡಿ. ಮನೆಯಲ್ಲಿ ಯಾರು ಬಡಿಸುತ್ತಾರೆ ಅನ್ನುವುದೂ ಮುಖ್ಯ. ನಮ್ಮ ಮಾವನವರ ಒಂದು ಸೌಟು ನನ್ನ ಒಂದೂವರೆ ಸೌಟಿಗೆ ಸಮ.

ಗಂಜಿ ಬಸಿದರೆ ಕಾರ್ಬ್ ಹೋಗುತ್ತದಲ್ಲ ಅಂತ ಕೇಳುತ್ತಾರೆ. ಸ್ವಲ್ಪ ಪಿಷ್ಟ ಗಂಜಿಯ ಜೊತೆ ಹೋಗುವುದು ನಿಜ. ಅದನ್ನು ಮನೆಯಲ್ಲಿ ಅಳೆಯಲು ಆಗುವುದಿಲ್ಲ, ಆದ್ದರಿಂದ ಲೆಕ್ಕದಲ್ಲಿ ಕಳೆಯಬೇಡಿ. ತಂಗಳನ್ನಕ್ಕೂ ಇದೇ ಮಾತು. ಅನ್ನ ಆರಿದಾಗ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಆದರೆ ಆ ಪಾಲು ಚಿಕ್ಕದು. ತಂಗಳನ್ನ ಅಂತ ಎರಡು ಸೌಟು ಹೆಚ್ಚು ಹಾಕಿಕೊಂಡರೆ ಲಾಭ ಅಲ್ಲೇ ಮುಗಿಯಿತು.

ಚಪಾತಿ

ಮೂರರಲ್ಲಿ ಸುಲಭ ಇದೇ. ಎಷ್ಟು ಹಿಟ್ಟು ಕಲಸಿದಿರಿ, ಎಷ್ಟು ಉಂಡೆ ಮಾಡಿದಿರಿ ಅಂತ ಗೊತ್ತಿದ್ದರೆ ಸಾಕು. 200 ಗ್ರಾಂ ಗೋಧಿ ಹಿಟ್ಟು ಅಂದರೆ 128 ಗ್ರಾಂ ಕಾರ್ಬ್, ಏಳು ಉಂಡೆಯಾದರೆ ಒಂದಕ್ಕೆ 18. ಉಂಡೆಗಳು ಸಮನಾಗಿರಲಿ, ಮೊದಲ ಕೆಲವು ದಿನ ಒಂದೆರಡನ್ನು ತೂಗಿ ನೋಡಿ. ಲಟ್ಟಿಸುವಾಗ ಉದುರಿಸುವ ಒಣ ಹಿಟ್ಟನ್ನೂ ಸೇರಿಸಬೇಕು. ಆ ಡಬ್ಬಿಯನ್ನು ಮೊದಲು ಒಮ್ಮೆ, ಕೊನೆಗೊಮ್ಮೆ ತೂಗಿದೆ. ಏಳು ಚಪಾತಿಗೆ 14 ಗ್ರಾಂ ಖರ್ಚಾಗಿತ್ತು, ತಲೆಗೆ 1 ಗ್ರಾಂ ಚಿಲ್ಲರೆ ಕಾರ್ಬ್. ಸುಮಾರಾಗಿ ಹೇಳುವುದಾದರೆ ಒಂದು ಚಪಾತಿಗೆ 20. ಸುಟ್ಟ ಚಪಾತಿಯ ತೂಕ ಹಿಡಿದು ಲೆಕ್ಕ ಹಾಕಬೇಡಿ, ಹೆಂಚಿನ ಮೇಲೆ ಹೆಚ್ಚು ಹೊತ್ತಿದ್ದರೆ ನೀರು ಹೋಗಿ ತೂಕ ಇಳಿಯುತ್ತದೆ, ಕಾರ್ಬ್ ಮಾತ್ರ ಹಾಗೇ ಉಳಿಯುತ್ತದೆ.

ಚಪಾತಿಯ ನಿಜವಾದ ತೊಡಕು ಪಕ್ಕದ ಬಟ್ಟಲಿನಲ್ಲಿರುತ್ತದೆ. ಆಲೂಗಡ್ಡೆ ಪಲ್ಯ ಹಾಕಿಕೊಂಡರೆ 100 ಗ್ರಾಂ ಆಲೂಗಡ್ಡೆಗೆ 15 ಗ್ರಾಂ ಕಾರ್ಬ್. ಎರಡು ಚಪಾತಿಯ ಊಟ ಅಲ್ಲಿಗೆ ಎರಡೂ ಮುಕ್ಕಾಲು ಚಪಾತಿಯ ಊಟವಾಯಿತು. ಬೀನ್ಸು, ಹೀರೇಕಾಯಿ, ಸೊಪ್ಪಿನ ಪಲ್ಯವಾದರೆ ಮೂರು ನಾಲ್ಕು ಗ್ರಾಂ ಅಂತ ಬರೆದು ಮುಂದೆ ಹೋಗಿ. ಎಣ್ಣೆ ತುಪ್ಪದಲ್ಲಿ ಕಾರ್ಬ್ ಇಲ್ಲ, ಆದರೆ ಹೆಚ್ಚು ಹಾಕಿದ ದಿನ ಶುಗರ್ ಏರುವುದು ತಡವಾಗುತ್ತದೆ. ಉಂಡು ಎರಡು ಗಂಟೆ ಕಳೆದಾಗ ಚೆನ್ನಾಗಿ ಕಂಡದ್ದು ನಾಲ್ಕು ಗಂಟೆ ಕಳೆದಾಗ ಮೇಲೆ ಹೋಗಿರುತ್ತದೆ.

ಸಾರು, ಮಜ್ಜಿಗೆ

ತೊಗರಿಬೇಳೆಯಲ್ಲಿ ನಾರು ಕಳೆದು 100 ಗ್ರಾಮಿಗೆ 55 ಗ್ರಾಂ ಕಾರ್ಬ್. ಒಬ್ಬರ ಪಾಲಿಗೆ 15 ಗ್ರಾಂ ಬೇಳೆ ಬರುವ ಸಾರಾದರೆ 8. ಉಪ್ಸಾರಿನ ಕಟ್ಟು ಮಾತ್ರ ಹಾಕಿಕೊಂಡರೆ ಇನ್ನೂ ಕಡಿಮೆ, ಬಸ್ಸಾರಿನ ಜೊತೆ ಕಾಳಿನ ಪಲ್ಯ ಉಂಡರೆ ಹೆಚ್ಚು. ಒಂದು ಲೋಟ ತೆಳು ಮಜ್ಜಿಗೆಗೆ 3 ಹಿಡಿಯಿರಿ. ಎರಡು ಚಮಚ ಸಕ್ಕರೆ ಹಾಕಿದ ಕಾಫಿಗೆ ಸಕ್ಕರೆಯೇ 10 ಗ್ರಾಂ, ಅದನ್ನು ಊಟದ ಲೆಕ್ಕಕ್ಕೆ ಸೇರಿಸಲು ಎಲ್ಲರೂ ಮರೆಯುತ್ತಾರೆ.

ಅತ್ತೆಯ ಒಂದು ದಿನ

ಎರಡು ವಾರ ಹೀಗೆ ಬರೆದಿಟ್ಟ ನೋಟ್‌ಬುಕ್ ತೆಗೆದುಕೊಂಡು ಅವರ ವೈದ್ಯರ ಬಳಿ ಹೋದೆವು. ಪ್ರತಿ ಊಟಕ್ಕೆ 45ರಿಂದ 55 ಗ್ರಾಂ ಅಂತ ಅವರೇ ಗುರಿ ಕೊಟ್ಟರು, 10 ಗ್ರಾಂ ಕಾರ್ಬಿಗೆ 1 ಯೂನಿಟ್ ಅಂತ ಇನ್ಸುಲಿನ್ ಅಳತೆಯನ್ನೂ ಹೇಳಿದರು. ಈ ಅಳತೆ ಅತ್ತೆಯದು. ಒಬ್ಬರಿಗೆ 6 ಗ್ರಾಮಿಗೆ 1 ಯೂನಿಟ್ ಬೇಕಾಗುತ್ತದೆ, ಇನ್ನೊಬ್ಬರಿಗೆ 15 ಗ್ರಾಮಿಗೆ. ಒಬ್ಬರಲ್ಲೇ ಬೆಳಗಿನ ಅಳತೆ ರಾತ್ರಿಯದಕ್ಕಿಂತ ಬೇರೆ ಇರಬಹುದು. ಹಾಗಾಗಿ ಇದನ್ನು ನಕಲು ಮಾಡಬೇಡಿ.

ಬೆಳಿಗ್ಗೆ ಎರಡು ಚಪಾತಿ, ಬೀನ್ಸ್ ಪಲ್ಯ, ಸಕ್ಕರೆ ಇಲ್ಲದ ಕಾಫಿ. ಚಪಾತಿ 40, ಪಲ್ಯ 4, ಕಾಫಿಯ ಹಾಲಿಗೆ 4. ಒಟ್ಟು 48.

ಮಧ್ಯಾಹ್ನ 200 ಗ್ರಾಂ ಮುದ್ದೆ, ಸೊಪ್ಪು ಬೇಳೆ ಹಾಕಿದ ಸಾರು, ಕೊನೆಗೆ ಮಜ್ಜಿಗೆ. 43, 8, 3 ಸೇರಿ 54. ಮಜ್ಜಿಗೆಗೆ ಅನ್ನ ಬೇಕೇ ಬೇಕು ಅಂತ ಮೊದಲ ವಾರ ಜಗಳವಾಯಿತು. ಮುದ್ದೆ ಉಂಡ ಮೇಲೆ ಅನ್ನ ಉಣ್ಣದಿದ್ದರೆ ಊಟವೇ ಅಲ್ಲ ಅನ್ನುವ ಮನೆತನ ಅವರದು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಅನ್ನ ಬೇಕೆನಿಸಿದ ದಿನ ಮುದ್ದೆ 140 ಗ್ರಾಂ, ಅನ್ನ 45 ಗ್ರಾಂ. ಮುದ್ದೆಯಿಂದ 30, ಅನ್ನದಿಂದ 13, ಮತ್ತೆ 43ಕ್ಕೇ ಬಂತು. ಲೆಕ್ಕ ಗೊತ್ತಿದ್ದರೆ ಇಂಥ ಅದಲುಬದಲು ಸಾಧ್ಯ.

ರಾತ್ರಿ 130 ಗ್ರಾಂ ಅನ್ನ, ತಿಳಿಸಾರು, ಹೀರೇಕಾಯಿ ಪಲ್ಯ. 38, 6, 4 ಸೇರಿ 48.

ಈ ಅಳತೆಗೆ ಬಂದ ಮೇಲೆ ಮಧ್ಯಾಹ್ನದ ಊಟಕ್ಕೆ ಮುಂಚೆ 124 ಇದ್ದ ಒಂದು ದಿನ ಉಂಡು ಎರಡು ಗಂಟೆ ಕಳೆದಾಗ 176 ಬಂತು. ಎಲ್ಲ ದಿನವೂ ಹಾಗಿಲ್ಲ. ಒಂದು ದಿನ 205 ಬಂತು, ಕಾರಣ ಹುಡುಕಿದರೆ ಪಕ್ಕದ ಮನೆಯ ಮಗುವಿನ ನಾಮಕರಣದ ಹೋಳಿಗೆ ಹೊರಬಿತ್ತು.

ಲೆಕ್ಕ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ

ಊಟಕ್ಕೆ ಕೂರುವ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ಗ್ಲುಕೋಮೀಟರಿನಲ್ಲಿ ನೋಡಿ. ಊಟ ಮುಗಿದಾಗಿನಿಂದ ಎಣಿಸಬೇಡಿ. ಹೆಚ್ಚಿನವರಿಗೆ ಎರಡು ಗಂಟೆಯ ಅಂಕಿ 180ರೊಳಗಿರಲಿ ಅಂತ ವೈದ್ಯರು ಹೇಳುತ್ತಾರೆ, ವಯಸ್ಸಾದವರಿಗೆ ಸ್ವಲ್ಪ ಸಡಿಲ ಮಾಡುವುದೂ ಉಂಟು. ಒಂದು ದಿನದ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಅದೇ ಮುದ್ದೆ, ಅದೇ ಸಾರು, ಅದೇ ಹೊತ್ತು ಇರುವ ಮೂರು ನಾಲ್ಕು ದಿನದ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ.

ಮೂರೂ ಊಟದಲ್ಲಿ ಎರಡು ಗಂಟೆಯ ಅಂಕಿ ಒಂದೇ ಥರ ಹೆಚ್ಚಿದ್ದರೆ ತೊಂದರೆ ಬಹುಶಃ ಔಷಧದ ಅಳತೆಯಲ್ಲಿದೆ, ಅದು ವೈದ್ಯರ ಕೆಲಸ. ಮುದ್ದೆಯ ಊಟದಲ್ಲಿ ಮಾತ್ರ ಹೆಚ್ಚಿದ್ದು ಚಪಾತಿಗೆ ಸರಿಯಿದ್ದರೆ ಮುದ್ದೆಯ ತೂಕ, ಎಸರಿನ ಅಕ್ಕಿ, ಕೊನೆಯ ಅನ್ನ ಇವನ್ನು ಇನ್ನೊಮ್ಮೆ ನೋಡಿ. ಅವೆಲ್ಲ ಸರಿಯಿದ್ದೂ ಹೆಚ್ಚಿದ್ದರೆ ನಿಮ್ಮ ಮೈಯಲ್ಲಿ ಮುದ್ದೆ ಬೇಗ ಏರುತ್ತಿದೆ ಅಂತ ಅರ್ಥ. 45 ಗ್ರಾಂ ಕಾರ್ಬ್ ಅಂದರೆ ಎಲ್ಲ ಊಟದಲ್ಲೂ ಅಷ್ಟೇ ಸಕ್ಕರೆ, ಆದರೆ ಅದು ರಕ್ತಕ್ಕೆ ಬರುವ ವೇಗ ಊಟದಿಂದ ಊಟಕ್ಕೆ ಬೇರೆ. ಈ ವೇಗ ಯಾವ ಕೋಷ್ಟಕದಿಂದಲೂ ಸಿಗುವುದಿಲ್ಲ, ಬೆರಳ ತುದಿಯ ರಕ್ತದಿಂದಲೇ ಸಿಗಬೇಕು. ಮೊದಲು ಸೊಪ್ಪು, ಪಲ್ಯ, ಕಾಳು ಉಂಡು ಆಮೇಲೆ ಮುದ್ದೆ ಮುರಿದರೆ ಏರಿಕೆ ನಿಧಾನವಾಗುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಎರಡು ದಿನ ಹಾಗೆ ಉಂಡು ನೀವೇ ನೋಡಿ.

5 ಗ್ರಾಂ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಗ್ಲುಕೋಮೀಟರಿಗೂ ಅಷ್ಟು ನಿಖರತೆ ಇಲ್ಲ. ಅತ್ತೆಯ ತಟ್ಟೆಯಲ್ಲಿ ಸಿಕ್ಕ 30, 40 ಗ್ರಾಮಿನ ತಪ್ಪನ್ನು ಹಿಡಿಯುವುದಕ್ಕೆ ಈ ಲೆಕ್ಕ.

ಕಡಿಮೆ ಮಾಡುವ ಮುಂಚೆ

ಊಟದಲ್ಲಿ 100 ಗ್ರಾಂ ಇದ್ದ ಕಾರ್ಬನ್ನು ಒಂದೇ ದಿನ 50ಕ್ಕೆ ಇಳಿಸಿ, ಮಾತ್ರೆ ಇನ್ಸುಲಿನ್ ಹಳೆಯ ಅಳತೆಯಲ್ಲೇ ತಗೊಂಡರೆ ಶುಗರ್ ಅಪಾಯಕ್ಕೆ ಇಳಿಯುತ್ತದೆ. ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗುವವರಿಗೆ ಈ ಮಾತು ಮುಖ್ಯ. ಡಪಾಗ್ಲಿಫ್ಲೋಜಿನ್ ಥರದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ ತಗೊಳ್ಳುವವರು ಕಾರ್ಬನ್ನು ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್ ಏರುವ ಬೇರೆ ತೊಂದರೆ ಇದೆ. ಮೂವರೂ ಮೊದಲು ವೈದ್ಯರಿಗೆ ಹೇಳಿಯೇ ಊಟ ಬದಲಿಸಬೇಕು. ಗುರಿ ಕೊಟ್ಟವರು ನಾರು ಸೇರಿಸಿ ಲೆಕ್ಕ ಹೇಳಿದ್ದಾರೋ ಕಳೆದು ಹೇಳಿದ್ದಾರೋ ಅಂತಲೂ ಕೇಳಿಕೊಳ್ಳಿ.

ಅತ್ತೆಗೂ ಒಮ್ಮೆ ಹಾಗಾಯಿತು. ಜ್ವರ ಬಂದು ಹಸಿವಿಲ್ಲದ ದಿನ 5 ಯೂನಿಟ್ ಮೊದಲೇ ಚುಚ್ಚಿಕೊಂಡು, ಅರ್ಧ ಮುದ್ದೆ ಉಂಡು ತಟ್ಟೆ ಸರಿಸಿದರು. ಮುಕ್ಕಾಲು ಗಂಟೆಯಲ್ಲಿ ಬೆವರು, ಕೈ ನಡುಕ. ಮೀಟರ್ 62 ತೋರಿಸಿತು. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ ಸಕ್ಕರೆ. ಆಗ ಮುದ್ದೆ ತಿನ್ನಿಸಿ ಪ್ರಯೋಜನವಿಲ್ಲ, ಅಷ್ಟು ಬೇಗ ಅದು ಏರಿಸುವುದಿಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಅಂದಿನಿಂದ ಊಟ ಎಷ್ಟು ಇಳಿಯುತ್ತದೋ ಗೊತ್ತಿಲ್ಲದ ದಿನ ಏನು ಮಾಡಬೇಕೆಂದು ವೈದ್ಯರಿಂದಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ.

ತಕ್ಕಡಿ ಇಲ್ಲದ ಕಡೆ

ಬೀಗರ ಮನೆಗೆ ತಕ್ಕಡಿ ಹೊತ್ತುಕೊಂಡು ಹೋಗಲಾಗದು. ಅಲ್ಲಿಗೆ ಕ್ರಿಕೆಟ್ ಚೆಂಡಿನ ಅಳತೆ ಇಟ್ಟುಕೊಳ್ಳಿ. ಚರ್ಮದ ಕ್ರಿಕೆಟ್ ಚೆಂಡಿನ ಗಾತ್ರದ ಮುದ್ದೆ ಸುಮಾರು 200 ಗ್ರಾಂ ಚಿಲ್ಲರೆ ತೂಗುತ್ತದೆ. ಆ ಚೆಂಡಿನ ಅಡ್ಡಳತೆ 7 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಅತ್ತೆಯ 310 ಗ್ರಾಂ ಮುದ್ದೆಯ ಅಡ್ಡಳತೆ ಎಷ್ಟು ಗೊತ್ತೇ? 8 ಸೆಂಟಿಮೀಟರ್. ಅಡ್ಡಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಮುದ್ದೆ ಎಲ್ಲ ಕಡೆಗೂ ಬೆಳೆಯುತ್ತದೆ, ತೂಕ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಕಣ್ಣಿಗೆ ಎರಡೂ "ಒಂದು ಮುದ್ದೆ"ಯಾಗಿಯೇ ಕಾಣುವುದು ಇದಕ್ಕೇ.

ಮಿಲಿಟರಿ ಹೋಟೆಲಿನ ಮುದ್ದೆ 9 ಸೆಂಟಿಮೀಟರ್ ಹತ್ತಿರ ಬಂದರೆ ಅದು 400 ಗ್ರಾಂ, 85 ಗ್ರಾಂ ಕಾರ್ಬ್. ಬಿಸಿ ಇರುವಾಗಲೇ ಅರ್ಧಕ್ಕೆ ಮುರಿದು ಒಂದು ಭಾಗವನ್ನು ಜೊತೆಯವರ ತಟ್ಟೆಗೆ ಹಾಕಿ. ಸಾರು ಬಿದ್ದ ಮೇಲೆ ಮುರಿಯುತ್ತೇನೆ ಅಂದವರು ಯಾರೂ ಮುರಿದದ್ದನ್ನು ನಾನು ನೋಡಿಲ್ಲ.